ಡಿಸೈನ್ ಕೆಲಸಕ್ಕೆ ಹಣದ ಬದಲು ಷೇರು ಕೊಡುತ್ತೇವೆ ಎಂದಾಗ: ಲೆಕ್ಕ ಹಾಕಿ ನೋಡುವ ಬಗೆ

ಸ್ಟಾರ್ಟಪ್ ಒಂದರ ಸ್ಥಾಪಕರು ಕರೆ ಮಾಡುತ್ತಾರೆ. ಆ್ಯಪ್ ಸಿದ್ಧವಾಗುತ್ತಿದೆ, ಬ್ರ್ಯಾಂಡಿಂಗ್ ಬೇಕು, ಮೂವತ್ತು ನಲವತ್ತು ಸ್ಕ್ರೀನ್ ಬೇಕು. ಎಲ್ಲ ಮಾತು ಮುಗಿದ ಮೇಲೆ, 'ಈಗ ಕ್ಯಾಶ್ ಸ್ವಲ್ಪ ಟೈಟ್, ಅದರ ಬದಲು ಕಂಪನಿಯಲ್ಲೇ ಒಂದು ಪರ್ಸೆಂಟ್ ಕೊಡ್ತೀವಿ' ಎನ್ನುತ್ತಾರೆ. ಇದಕ್ಕೆ ಹೌದು ಎನ್ನಬೇಕೋ ಬೇಡವೋ ಎಂಬುದು ಆ ಸ್ಥಾಪಕರ ಮೇಲಿನ ನಂಬಿಕೆಯಿಂದ ತೀರ್ಮಾನವಾಗುವ ವಿಷಯವಲ್ಲ. ನೀವು ನಿಮ್ಮ ಶುಲ್ಕವನ್ನು ಕೈಗೆ ತೆಗೆದುಕೊಂಡು, ಮರುಕ್ಷಣವೇ ಅದನ್ನು ಅದೇ ಕಂಪನಿಯಲ್ಲಿ ಹೂಡುತ್ತಿದ್ದೀರಿ. ಇಲ್ಲಿ ನಡೆಯುವುದು ಅಷ್ಟೇ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದೇ: ಇಷ್ಟು ಹಣ ನನ್ನ ಬ್ಯಾಂಕಿನಲ್ಲಿದ್ದರೆ, ಇದೇ ಷರತ್ತಿಗೆ ಇವರ ಕಂಪನಿಗೆ ಹಾಕುತ್ತಿದ್ದೆನೇ?

ಇದನ್ನು ನನಗೆ ಬಂದ ಒಂದು ಪ್ರಸ್ತಾಪವನ್ನೇ ಇಟ್ಟುಕೊಂಡು ಹೇಳುತ್ತೇನೆ. ಅಂಗಡಿಗಳಿಗೆ ದಾಸ್ತಾನಿನ ಲೆಕ್ಕ ಇಡುವ ಆ್ಯಪ್ ಅದು. ಲೆಕ್ಕ ಸುಲಭವಾಗಲೆಂದು ಸಂಖ್ಯೆಗಳನ್ನು ದುಂಡಾಗಿಸಿದ್ದೇನೆ.

ಮೊದಲು ನಗದಿನ ಬೆಲೆ ಬರೆದಿಡಿ

ಪರ್ಸೆಂಟಿನ ಮಾತು ಶುರುವಾಗುವ ಮುನ್ನವೇ ಕೆಲಸದ ಪೂರ್ತಿ ಕೊಟೇಶನ್ ಕೊಡಿ: ಏನೇನು ಮಾಡಿಕೊಡುತ್ತೀರಿ, ಎಷ್ಟು ಸಲ ತಿದ್ದುಪಡಿ, ಎಷ್ಟು ವಾರ, ನಗದಾದರೆ ಎಷ್ಟು. ನನ್ನದು 6 ಲಕ್ಷ ಆಗಿತ್ತು. ಲೋಗೊ ಮತ್ತು ಬ್ರ್ಯಾಂಡ್ ನಿಯಮಗಳು, 35 ಸ್ಕ್ರೀನ್, ಎರಡು ಸುತ್ತು ತಿದ್ದುಪಡಿ, ಹತ್ತು ವಾರ.

ಈ ಹೆಜ್ಜೆ ಬಿಟ್ಟರೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಅಳತೆಗೋಲೇ ಇಲ್ಲದಿದ್ದಾಗ ಒಂದು ಪರ್ಸೆಂಟ್ ಹೆಚ್ಚೋ ಕಡಿಮೆಯೋ ಎಂದು ಹೇಳಲು ಬರುವುದಿಲ್ಲ. ಇನ್ನೊಂದು ತೊಂದರೆ ಕೆಲಸದ ನಡುವೆ ಗೊತ್ತಾಗುತ್ತದೆ. ಷೇರಿಗೆ ಒಪ್ಪಿದ ಕೆಲಸಕ್ಕೆ ಮಿತಿ ಬರೆಯದೇ ಹೋದರೆ 'ನೀವೂ ಪಾಲುದಾರರಲ್ವಾ' ಎಂಬ ಮಾತಿನಲ್ಲಿ ಮೂರನೆಯ ಸುತ್ತು, ಐದನೆಯ ಸುತ್ತು, ಹೂಡಿಕೆದಾರರಿಗೆ ತೋರಿಸುವ ಸ್ಲೈಡುಗಳು, ಎಲ್ಲವೂ ನಿಮ್ಮ ತಲೆಗೆ ಬರುತ್ತವೆ.

ಬ್ಯಾಂಕಿನಲ್ಲಿ ಎಷ್ಟು ತಿಂಗಳ ಉಸಿರಿದೆ?

ಎರಡನೆಯದಾಗಿ ಕೇಳಬೇಕಾದದ್ದು ರನ್‌ವೇ. ಬ್ಯಾಂಕಿನಲ್ಲಿರುವ ಹಣವನ್ನು, ಪ್ರತಿ ತಿಂಗಳು ಬರುವುದಕ್ಕಿಂತ ಹೆಚ್ಚಾಗಿ ಹೋಗುತ್ತಿರುವ ಹಣದಿಂದ ಭಾಗಿಸಿದರೆ ಎಷ್ಟು ತಿಂಗಳು ನಡೆಯುತ್ತದೆಂದು ಸಿಗುತ್ತದೆ. ನೇರವಾಗಿ ಕೇಳಿ, ಸಂಕೋಚ ಬೇಡ. ಹೂಡಿಕೆದಾರರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು, ಮತ್ತು ನೀವೀಗ ಹೂಡಿಕೆದಾರರೇ.

ಉತ್ತರದಲ್ಲಿ ಎರಡು ಬಗೆ ಕಾಣುತ್ತದೆ. ಹಣವಿದೆ, ಆದರೆ ಅದನ್ನು ಡೆವಲಪರ್‌ಗಳ ಸಂಬಳಕ್ಕೆ ಉಳಿಸಿಕೊಳ್ಳುತ್ತಿದ್ದಾರೆ ಎಂಬುದು ಒಂದು. ಅಂಥವರ ಜೊತೆ ಅರ್ಧ ನಗದು ಅರ್ಧ ಷೇರಿನ ಮಾತುಕತೆಗೆ ಜಾಗವಿರುತ್ತದೆ. ಹಣವೇ ಇಲ್ಲ, ಮುಂದಿನ ಹೂಡಿಕೆ ಬಂದರೆ ಮಾತ್ರ ಕಂಪನಿ ಉಳಿಯುತ್ತದೆ ಎಂಬುದು ಇನ್ನೊಂದು. ಅಲ್ಲಿ ನಿಮ್ಮ ಡಿಸೈನೇ ಆ ಹೂಡಿಕೆ ತರುವ ಸಾಧನವಾಗಿರುತ್ತದೆ, ಅಂದರೆ ಅತಿ ದೊಡ್ಡ ಅಪಾಯದ ಹೊತ್ತಿನಲ್ಲಿ ನೀವು ಒಳಗೆ ಹೋಗುತ್ತಿದ್ದೀರಿ. ಆಗ ಬೆಲೆಯೂ ಅದಕ್ಕೆ ತಕ್ಕಂತಿರಬೇಕು. ಆರು ತಿಂಗಳಿಗಿಂತ ಕಡಿಮೆ ರನ್‌ವೇ ಇದ್ದರೆ ನಾನು ಪೂರ್ತಿ ಷೇರಿನ ಪ್ರಸ್ತಾಪಕ್ಕೆ ಒಪ್ಪುವುದಿಲ್ಲ. ಹತ್ತು ವಾರದ ಕೆಲಸ ಮುಗಿಯುವ ಹೊತ್ತಿಗೆ ಕಂಪನಿಯ ಉಸಿರೂ ಮುಗಿಯುತ್ತ ಬಂದಿರುತ್ತದೆ.

ಆ ಕಂಪನಿಗೆ ಹನ್ನೊಂದು ತಿಂಗಳ ಹಣವಿತ್ತು. ಮಾತು ಮುಂದುವರಿಸಬಹುದಿತ್ತು.

ಪರ್ಸೆಂಟ್ ಬಿಡಿ, ಷೇರಿನ ಸಂಖ್ಯೆ ಕೇಳಿ

ಸ್ಥಾಪಕರು ಹೇಳಿದ್ದು ಇಷ್ಟು: ಕಂಪನಿಯ ಬೆಲೆ 10 ಕೋಟಿ, ಒಂದು ಪರ್ಸೆಂಟ್ ಅಂದರೆ 10 ಲಕ್ಷ, ನಿಮ್ಮ ಶುಲ್ಕ 6 ಲಕ್ಷ, ನಾಲ್ಕು ಲಕ್ಷ ಲಾಭ. ಕೇಳಲು ಹಿತವಾಗಿತ್ತು. ಒಂದೊಂದಾಗಿ ಬಿಡಿಸಿ ನೋಡೋಣ.

'ಎಷ್ಟು ಷೇರು? ಒಟ್ಟು ಎಷ್ಟರಲ್ಲಿ?' ಎಂದು ಕೇಳಿದೆ. '10,000 ಷೇರು, ಒಟ್ಟು 10 ಲಕ್ಷದಲ್ಲಿ' ಎಂದರು. ಕ್ಯಾಪ್ ಟೇಬಲ್ ತೋರಿಸಿ ಎಂದೆ. ಕಂಪನಿಯ ಯಾವ ಷೇರು ಯಾರ ಹೆಸರಿನಲ್ಲಿದೆ ಎಂಬ ಪಟ್ಟಿ ಅದು. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಸ್ಪ್ರೆಡ್‌ಶೀಟಿನ ಮೇಲ್ಭಾಗದಲ್ಲಿ ಇಬ್ಬರು ಸ್ಥಾಪಕರ ಹೆಸರು, ಒಟ್ಟು 10 ಲಕ್ಷ ಷೇರು, ಅಲ್ಲೇ ಒಂದು ಮೊತ್ತದ ಗೆರೆ. ಆ ಗೆರೆಯ ಕೆಳಗೆ, ಬೂದು ಬಣ್ಣದ ಅಕ್ಷರದಲ್ಲಿ, ಇನ್ನೆರಡು ಸಾಲು: ನೌಕರರ ಆಪ್ಷನ್‌ಗಳಿಗೆ ಮೀಸಲು 2 ಲಕ್ಷ, ಸಲಹೆಗಾರರೊಬ್ಬರಿಗೆ ಮಾತು ಕೊಟ್ಟ 50,000. ನನ್ನ 10,000 ಷೇರನ್ನು ಸ್ಥಾಪಕರು ತಮ್ಮ ಪಾಲಿನಿಂದಲೇ ಕೊಡುವವರಿದ್ದರು, ಹಾಗಾಗಿ ಅದರಿಂದ ಒಟ್ಟು ಹೆಚ್ಚುವುದಿಲ್ಲ. ಆದರೆ ಆ ಎರಡು ಸಾಲು ಸೇರಿದರೆ ಒಟ್ಟು 12.5 ಲಕ್ಷವಾಗುತ್ತದೆ. 10,000 ಎಂಬುದು ಅದರ 0.8 ಪರ್ಸೆಂಟ್.

ಅವರು ಸುಳ್ಳು ಹೇಳಿರಲಿಲ್ಲ. ಗೆರೆಯ ಮೇಲಿನದನ್ನು ಮಾತ್ರ ಎಣಿಸಿದ್ದರು. ಮಾತು ಕೊಟ್ಟದ್ದು, ಮೀಸಲಿಟ್ಟದ್ದು, ಮುಂದೆ ಷೇರಾಗಿ ಬದಲಾಗಲಿರುವ ಸಾಲ, ಇವೆಲ್ಲವನ್ನೂ ಸೇರಿಸಿದ ಮೊತ್ತಕ್ಕೆ 'ಫುಲ್ಲಿ ಡೈಲ್ಯೂಟೆಡ್' ಎನ್ನುತ್ತಾರೆ. ನಿಮ್ಮ ಪಾಲನ್ನು ಯಾವಾಗಲೂ ಅದರ ಮೇಲೆಯೇ ಲೆಕ್ಕ ಹಾಕಿ. ಕ್ಯಾಪ್ ಟೇಬಲ್ ತೋರಿಸಲು ಒಪ್ಪದವರ ಷೇರನ್ನು ಸಂಬಳವೆಂದು ಎಣಿಸಬೇಡಿ.

ಇನ್ನು ಆ 10 ಕೋಟಿ. ಈ ಬೆಲೆ ಕಟ್ಟಿದವರು ಯಾರು? ಹೊರಗಿನ ಹೂಡಿಕೆದಾರರು ನಿಜವಾದ ಹಣ ಹಾಕಿ ಒಪ್ಪಿದ ಬೆಲೆಯಾದರೆ ಅದಕ್ಕೊಂದು ತೂಕವಿದೆ, ಆದರೂ ಅವರಿಗೆ ಸಿಗುವುದು ವಿಶೇಷ ಹಕ್ಕಿರುವ ಷೇರು, ನಿಮಗೆ ಸಿಗುವುದು ಸಾಮಾನ್ಯ ಷೇರು ಎಂಬ ವ್ಯತ್ಯಾಸ ಇರುತ್ತದೆ. ಸ್ಥಾಪಕರೇ ಕಟ್ಟಿಕೊಂಡ ಬೆಲೆಯಾದರೆ ಅದು ಅವರ ಆಸೆ. ಇಲ್ಲಿ ಎರಡನೆಯದೇ ಆಗಿತ್ತು. ಅವರ ಬೆಲೆಯನ್ನೇ ಒಪ್ಪಿಕೊಂಡರೂ ಒಂದು ಷೇರಿಗೆ 80 ಬೀಳುತ್ತದೆ, 10,000 ಷೇರಿಗೆ 8 ಲಕ್ಷ. ಹತ್ತು ಲಕ್ಷ ಆಗಲೇ ಎಂಟಾಯಿತು.

ಕೊಡುತ್ತಿರುವುದು ಷೇರೋ, ಆಪ್ಷನ್ನೋ ಎಂದೂ ಇದೇ ಹೊತ್ತಿಗೆ ಕೇಳಿಬಿಡಿ. ಆಪ್ಷನ್ ಎಂದರೆ ನಿಗದಿಯಾದ ಬೆಲೆ ಕೊಟ್ಟು ಮುಂದೆ ಷೇರು ಕೊಳ್ಳುವ ಹಕ್ಕು ಮಾತ್ರ. ಕೊಳ್ಳಲು ಕೈಯಿಂದ ಹಣ ಹಾಕಬೇಕು, ಅವಧಿ ಮೀರಿದರೆ ಹಕ್ಕೂ ಹೋಗುತ್ತದೆ.

ಷೇರನ್ನು ಕೊನೆಯವರೆಗೂ ನಡೆಸಿ ನೋಡಿ

ನಿಮ್ಮ ಷೇರು ಹಣವಾಗುವುದು ಕಂಪನಿ ಮಾರಾಟವಾದಾಗ, ಷೇರುಪೇಟೆಗೆ ಬಂದಾಗ ಅಥವಾ ಯಾರಾದರೂ ನಿಮ್ಮಿಂದ ಕೊಂಡಾಗ ಮಾತ್ರ. ಅಲ್ಲಿಯವರೆಗಿನ ದಾರಿಯಲ್ಲಿ ಎರಡು ಸಂಗತಿ ನಿಮ್ಮ ಪಾಲನ್ನು ಸವೆಸುತ್ತವೆ.

ಒಂದು, ಹೊಸ ಹೂಡಿಕೆ. ಪ್ರತಿ ಸುತ್ತಿನಲ್ಲೂ ಹೊಸ ಷೇರು ಹುಟ್ಟುತ್ತದೆ, ಹಳಬರ ಪಾಲು ತೆಳುವಾಗುತ್ತದೆ. ಮೊದಲ ಸುತ್ತಿನಲ್ಲಿ 4 ಕೋಟಿಗೆ 20 ಪರ್ಸೆಂಟ್, ಎರಡನೆಯದರಲ್ಲಿ 8 ಕೋಟಿಗೆ 20 ಪರ್ಸೆಂಟ್ ಕೊಟ್ಟರು ಎಂದುಕೊಳ್ಳಿ. ನನ್ನ 0.8 ಮೊದಲು 0.64 ಆಗುತ್ತದೆ, ಆಮೇಲೆ 0.512. ಇದು ಮೋಸವಲ್ಲ, ಕಂಪನಿ ಬೆಳೆಯುವ ರೀತಿಯೇ ಇದು. ಲೆಕ್ಕದಲ್ಲಿ ಬಿಟ್ಟರೆ ಮಾತ್ರ ಮೋಸಹೋಗುತ್ತೀರಿ.

ಎರಡನೆಯದು ಲಿಕ್ವಿಡೇಷನ್ ಪ್ರಿಫರೆನ್ಸ್. ಕಂಪನಿ ಮಾರಾಟವಾದರೆ ಮೊದಲು ಹೂಡಿಕೆದಾರರು ತಮ್ಮ ಅಸಲು ಎತ್ತಿಕೊಳ್ಳುತ್ತಾರೆ, ಉಳಿದದ್ದು ಸಾಮಾನ್ಯ ಷೇರುದಾರರಿಗೆ. ಅಸಲಿಗಿಂತ ತಮ್ಮ ಪರ್ಸೆಂಟಿನ ಪಾಲೇ ಹೆಚ್ಚಾಗುವುದಾದರೆ ಅಸಲು ಬಿಟ್ಟು ಪಾಲು ತೆಗೆದುಕೊಳ್ಳುತ್ತಾರೆ. ಇದು ಸಾಮಾನ್ಯವಾಗಿ ಕಾಣುವ ಷರತ್ತು, ಇದಕ್ಕಿಂತ ಬಿಗಿಯಾದವೂ ಇವೆ.

ಈಗ ಕಂಪನಿ 20 ಕೋಟಿಗೆ ಮಾರಾಟವಾಯಿತು ಎನ್ನಿ. ಒಂದು ಪರ್ಸೆಂಟ್ ಎಂದು ನಂಬಿ ಕುಳಿತವರು 20 ಲಕ್ಷ ನಿರೀಕ್ಷಿಸುತ್ತಾರೆ. ಹೂಡಿಕೆದಾರರ ಕೈಯಲ್ಲಿ 36 ಪರ್ಸೆಂಟ್ ಇದೆ, ಪಾಲಿನ ಲೆಕ್ಕದಲ್ಲಿ ಅವರಿಗೆ 7.2 ಕೋಟಿ ಬರುತ್ತದೆ. ಹಾಕಿದ ಅಸಲು 12 ಕೋಟಿ. ಅವರು ಅಸಲನ್ನೇ ಎತ್ತಿಕೊಳ್ಳುತ್ತಾರೆ. ಉಳಿಯುವ 8 ಕೋಟಿಯಲ್ಲಿ, ಸಾಮಾನ್ಯ ಷೇರುದಾರರ ನಡುವೆ ನನ್ನ ಪಾಲು 0.8 ಪರ್ಸೆಂಟ್, ಅಂದರೆ 6.4 ಲಕ್ಷ. ವರ್ಷಗಟ್ಟಲೆ ಕಾದು, ಕಂಪನಿ 20 ಕೋಟಿಗೆ ಮಾರಾಟವಾಗಿ, ಎಲ್ಲರೂ ಸಂಭ್ರಮಿಸಿದ ದಿನ ನನಗೆ ಬರುವುದು ಮೊದಲ ದಿನವೇ ಕೇಳಿದ್ದ ಶುಲ್ಕಕ್ಕಿಂತ 40 ಸಾವಿರ ಹೆಚ್ಚು.

12 ಕೋಟಿಗೋ ಅದಕ್ಕಿಂತ ಕಡಿಮೆಗೋ ಮಾರಾಟವಾದರೆ ಸೊನ್ನೆ. 100 ಕೋಟಿಗೆ ಮಾರಾಟವಾದರೆ ಹೂಡಿಕೆದಾರರೂ ಪಾಲಿಗೇ ಬರುತ್ತಾರೆ, ಆಗ ನನ್ನ 0.512 ಪರ್ಸೆಂಟ್ 51.2 ಲಕ್ಷವಾಗುತ್ತದೆ.

ಇಂದಿನ ಬೆಲೆಗೆ ಇಳಿಸುವುದು

ಈ ಮೂರು ಫಲಿತಾಂಶಗಳಿಗೆ ನಿಮ್ಮದೇ ಅಂದಾಜು ಇಟ್ಟುಕೊಳ್ಳಿ. ಇಂಥ ಹತ್ತು ಕಂಪನಿಗಳಲ್ಲಿ ಏಳು ಸೊನ್ನೆ, ಎರಡು 20 ಕೋಟಿಯ ಮಾರಾಟ, ಒಂದು 100 ಕೋಟಿಯದು ಎಂದು ನಾನು ಇಟ್ಟುಕೊಂಡೆ. ಇದು ಯಾವ ಸಮೀಕ್ಷೆಯ ಅಂಕಿಯೂ ಅಲ್ಲ, ನನ್ನ ಅಂದಾಜು ಮಾತ್ರ. ನಿಮ್ಮದು ಬೇರೆ ಇರಬಹುದು, ಆದರೆ ಕಾಗದದ ಮೇಲೆ ಇರಬೇಕು. ಎರಡು ಸಲ 6.4, ಒಂದು ಸಲ 51.2, ಒಟ್ಟು 64 ಲಕ್ಷ. ಹತ್ತರಿಂದ ಭಾಗಿಸಿದರೆ 6.4 ಲಕ್ಷ. ಇದು ಐದು ವರ್ಷದ ನಂತರದ ಹಣ. ವರ್ಷಕ್ಕೆ 15 ಪರ್ಸೆಂಟ್ ಗಳಿಕೆಯಾದರೂ ಇಲ್ಲದಿದ್ದರೆ ಇಷ್ಟು ಅಪಾಯಕ್ಕೆ ಕೈ ಹಾಕುವುದಿಲ್ಲ ಎಂದಿಟ್ಟುಕೊಂಡರೆ, ಐದು ವರ್ಷದಲ್ಲಿ ಹಣ ಎರಡು ಪಟ್ಟಾಗಬೇಕು. ಹಾಗಾದರೆ ಆ 6.4 ಲಕ್ಷದ ಇಂದಿನ ಬೆಲೆ ಸುಮಾರು 3.2 ಲಕ್ಷ.

ಉತ್ತರ ಸಿಕ್ಕಿತು. ಅವರ ಒಂದು ಪರ್ಸೆಂಟ್ ನನ್ನ ಕೆಲಸದ ಅರ್ಧ ಬೆಲೆ. ಪ್ರಸ್ತಾಪ ಕೆಟ್ಟದ್ದೇನಲ್ಲ, ಅರ್ಧ ಕೆಲಸಕ್ಕೆ ಸರಿಯಾದದ್ದು. ಮುಂದಿನ ಚೌಕಾಸಿಗೆ ಇದೇ ಬುನಾದಿ.

ಇಲ್ಲಿ ಸ್ಥಾಪಕರು ಹೇಳುವ ಒಂದು ಕಥೆಯಿದೆ, ನೀವೂ ಕೇಳಿರುತ್ತೀರಿ. ಫೇಸ್‌ಬುಕ್‌ನ ಮೊದಲ ಕಚೇರಿಯ ಗೋಡೆಗಳಿಗೆ 2005ರಲ್ಲಿ ಚಿತ್ರ ಬರೆದ ಡೇವಿಡ್ ಚೋ ಹಣದ ಬದಲು ಷೇರು ತೆಗೆದುಕೊಂಡರು, 2012ರಲ್ಲಿ ಕಂಪನಿ ಷೇರುಪೇಟೆಗೆ ಬಂದಾಗ ಭಾರೀ ಶ್ರೀಮಂತರಾದರು. ಕಥೆ ನಿಜ. ಆದರೆ ನಮ್ಮ ಲೆಕ್ಕದಲ್ಲಿ ಅದು ಹತ್ತರಲ್ಲಿ ಆ ಒಂದೂ ಅಲ್ಲ, ಅದಕ್ಕಿಂತ ಎಷ್ಟೋ ಅಪರೂಪ. ಅದನ್ನಿಟ್ಟು ಶುಲ್ಕ ನಿಗದಿ ಮಾಡಲಾಗದು. ಅವರೂ ಏಳು ವರ್ಷ ಕಾದರು ಎಂಬುದನ್ನಷ್ಟೇ ಅದರಿಂದ ತೆಗೆದುಕೊಳ್ಳಿ, ನಿಮ್ಮ ಮನೆ ಬಾಡಿಗೆ ಅಷ್ಟು ಕಾಯುತ್ತದೆಯೇ ನೋಡಿಕೊಳ್ಳಿ.

ಆದಾಯದ ಪಾಲಾದರೆ

ಷೇರಿಗೆ ನಾನು ಹಿಂಜರಿದಾಗ ಅವರು ಇನ್ನೊಂದು ದಾರಿ ಮುಂದಿಟ್ಟರು: ಮೂರು ವರ್ಷ, ಆದಾಯದಲ್ಲಿ 3 ಪರ್ಸೆಂಟ್, ಒಟ್ಟು 12 ಲಕ್ಷದವರೆಗೆ. ಶುಲ್ಕದ ಎರಡು ಪಟ್ಟು.

ಇದನ್ನು ಅಳೆಯಲು ಒಂದು ಭಾಗಾಕಾರ ಸಾಕು. ಶುಲ್ಕವನ್ನು ಪರ್ಸೆಂಟಿನಿಂದ ಭಾಗಿಸಿ. 6 ಲಕ್ಷವನ್ನು 0.03ರಿಂದ ಭಾಗಿಸಿದರೆ 2 ಕೋಟಿ. ಅಂದರೆ ಮೂರು ವರ್ಷದಲ್ಲಿ ಕಂಪನಿಗೆ 2 ಕೋಟಿ ಆದಾಯ ಬಂದರೆ ನನ್ನ ಮೂಲ ಶುಲ್ಕವಷ್ಟೇ ಹುಟ್ಟುತ್ತದೆ. ತಿಂಗಳಿಗೆ ಸರಾಸರಿ ಐದೂವರೆ ಲಕ್ಷ. ಅವರ ಅಂದಿನ ತಿಂಗಳ ಆದಾಯ ಒಂದೂವರೆ ಲಕ್ಷ. ಅದೇ ವೇಗದಲ್ಲಿ ಹೋದರೆ ನನಗೆ ತಿಂಗಳಿಗೆ 4,500 ಬರುತ್ತದೆ, ಮೂರು ವರ್ಷಕ್ಕೆ 1.62 ಲಕ್ಷ. ಅವರ ಸ್ಲೈಡಿನಲ್ಲಿ ಆದಾಯದ ಗೆರೆ ಮೇಲಕ್ಕೆ ಹಾರುತ್ತಿತ್ತು. ನಾನು ಕೇಳಿದ್ದು ಹಿಂದಿನ ಆರು ತಿಂಗಳ ನಿಜವಾದ ಅಂಕಿ.

ಪಾಲಿನ ಒಪ್ಪಂದ ಕೆಡುವುದು ಬಹುಮಟ್ಟಿಗೆ 'ಆದಾಯ' ಎಂಬ ಒಂದೇ ಪದದಲ್ಲಿ. 'ನಿವ್ವಳ ಆದಾಯ' ಎಂದೋ 'ಲಾಭ' ಎಂದೋ ಬರೆದಿದ್ದರೆ ಸಂಬಳ, ಜಾಹೀರಾತು, ಸರ್ವರ್ ಎಲ್ಲ ಕಳೆದು ಉಳಿದದ್ದರಲ್ಲಿ ಪಾಲು ಎಂದಾಗುತ್ತದೆ. ಬೆಳೆಯುತ್ತಿರುವ ಸ್ಟಾರ್ಟಪ್‌ನಲ್ಲಿ ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ. 'ಗ್ರಾಹಕರಿಂದ ಕೈಗೆ ಬಂದ ಹಣ, ಅದರಿಂದ ಮಾರಾಟ ತೆರಿಗೆ ಮತ್ತು ಹಿಂತಿರುಗಿಸಿದ ಮೊತ್ತ ಮಾತ್ರ ಕಳೆದು' ಎಂದು ಬರೆಸಿ. ಮೂರು ತಿಂಗಳಿಗೊಮ್ಮೆ ಲೆಕ್ಕಪತ್ರ, ಪೇಮೆಂಟ್ ಗೇಟ್‌ವೇ ವರದಿಯನ್ನು ನೋಡುವ ಹಕ್ಕು, ಮತ್ತು ಬಂದರೂ ಬಾರದಿದ್ದರೂ ಕೊಡಬೇಕಾದ ಒಂದು ಕನಿಷ್ಠ ಮೊತ್ತ ಇರಲಿ. ಉತ್ಪನ್ನದ ಹೆಸರು ಬದಲಾದರೂ, ಬೇರೆ ಕಂಪನಿಗೆ ಮಾರಿದರೂ ಈ ಬಾಧ್ಯತೆ ಜೊತೆಯಲ್ಲೇ ಹೋಗಬೇಕು ಎಂಬ ಸಾಲೂ ಬೇಕು.

ನಿಮ್ಮ ಪಾಲು ಕಂಪನಿಗೆ ಎಷ್ಟು ಭಾರ ಎಂಬುದನ್ನೂ ನೋಡಿ. ನೂರರ ಮಾರಾಟದಲ್ಲಿ ಅವರಿಗೆ ಉಳಿಯುವುದು ಹತ್ತೇ ಆದರೆ ನಿಮ್ಮ ಮೂರು ಅವರ ಉಳಿಕೆಯ ಸುಮಾರು ಮೂರನೆಯ ಒಂದು ಭಾಗ. ಅಂಥ ಒಪ್ಪಂದವನ್ನು ಯಾರೂ ಮನಸಾರೆ ಬಹುಕಾಲ ಪಾಲಿಸುವುದಿಲ್ಲ.

ಹೀಗಿದ್ದೂ, ಈಗಾಗಲೇ ಮಾರಾಟ ನಡೆಯುತ್ತಿರುವ ಕಂಪನಿಯಾದರೆ ಷೇರಿಗಿಂತ ಪಾಲೇ ಮೇಲು ಎಂಬುದು ನನ್ನ ಅಭಿಪ್ರಾಯ. ಮಾತು ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದು ಮೂರು ತಿಂಗಳಲ್ಲಿ ತಿಳಿದುಹೋಗುತ್ತದೆ. ಷೇರಿನಲ್ಲಿ ಅದು ತಿಳಿಯಲು ಐದು ವರ್ಷ ಬೇಕು.

ಕಾಗದದ ಮೇಲೆ ಏನಿರಬೇಕು

ಬಹಳ ಹಿಂದೆ ನಾನೊಂದು ಸ್ಟಾರ್ಟಪ್‌ಗೆ 2 ಪರ್ಸೆಂಟಿನ ಮಾತಿನ ಮೇಲೆ ಕೆಲಸ ಮಾಡಿದ್ದೆ. ಮಾತು ಇಮೇಲಿನಲ್ಲಿತ್ತು. 'ಪೇಪರ್‌ವರ್ಕ್ ಮುಂದಿನ ತಿಂಗಳು' ಎಂಬುದು ಎರಡು ವರ್ಷ ನಡೆಯಿತು. ಕೊನೆಗೆ ಇನ್ನೊಂದು ಕಂಪನಿ ಆ ಉತ್ಪನ್ನವನ್ನೂ ಬ್ರ್ಯಾಂಡನ್ನೂ ಕೊಂಡುಕೊಂಡಿತು. ಹಣ ಬಂದಾಗ ಮೊದಲು ಸಾಲ ತೀರಿತು, ಉಳಿದದ್ದು ರಿಜಿಸ್ಟರಿನಲ್ಲಿ ಹೆಸರಿದ್ದವರಿಗೆ ಹೋಯಿತು. ನನ್ನ ಹೆಸರು ಅಲ್ಲಿರಲಿಲ್ಲ. ನಾನು ಬರೆದ ಲೋಗೊ ಮಾತ್ರ ಕೊಂಡವರ ಜೊತೆ ಹೋಯಿತು, ಏಕೆಂದರೆ ಹಕ್ಕುಗಳನ್ನು ಮೊದಲ ವಾರವೇ ಬರೆದುಕೊಟ್ಟಿದ್ದೆ.

ಅಂದಿನಿಂದ ನಾನು ಬಿಡದೆ ಪಾಲಿಸುವುದು ಹಕ್ಕಿನ ಸಾಲನ್ನು. ಡಿಸೈನಿನ ಹಕ್ಕು ಕಂಪನಿಗೆ ಹೋಗುವುದು ಷೇರು ನನ್ನ ಹೆಸರಿಗೆ ದಾಖಲಾದ ಮೇಲೆ, ನಗದಿನ ಭಾಗ ಪಾವತಿಯಾದ ಮೇಲೆ. ಅಲ್ಲಿಯವರೆಗೆ ಬಳಸಲು ಅನುಮತಿ ಮಾತ್ರ, ಗಡುವು ಮೀರಿದರೆ ಅನುಮತಿಯೂ ಇಲ್ಲ. ಮೂಲ ಫೈಲುಗಳೂ ಹಾಗೆಯೇ. ಡಿಸೈನರ್ ಕೈಯಲ್ಲಿರುವ ನಿಜವಾದ ಹಿಡಿತ ಇದೊಂದೇ, ಮೊದಲೇ ಬಿಟ್ಟುಕೊಟ್ಟರೆ ಮತ್ತೆ ಸಿಗುವುದಿಲ್ಲ.

ಎರಡನೆಯದು ವೆಸ್ಟಿಂಗ್, ಅಂದರೆ ಷೇರು ಯಾವಾಗ ನಿಜವಾಗಿ ನಿಮ್ಮದಾಗುತ್ತದೆ ಎಂಬುದು. ಸ್ಥಾಪಕರು ತಮ್ಮ ನೌಕರರ ಕರಾರನ್ನೇ ನಕಲು ಮಾಡಿ ಕಳಿಸುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ವೆಸ್ಟಿಂಗ್, ಮೊದಲ ವರ್ಷ ತುಂಬುವವರೆಗೆ ಏನೂ ಇಲ್ಲ ಎಂದಿರುತ್ತದೆ. ಹತ್ತು ವಾರದ ಕೆಲಸಕ್ಕೆ ಇದು ಹೊಂದುವುದೇ ಇಲ್ಲ, ನಿಮ್ಮ ಪಾಲು ಸೊನ್ನೆಯಾಗುತ್ತದೆ. ಕೆಲಸದ ಹಂತಗಳಿಗೆ ಕಟ್ಟಿ: ಬ್ರ್ಯಾಂಡ್ ಒಪ್ಪಿಸಿದಾಗ ಇಷ್ಟು, ಸ್ಕ್ರೀನ್ ಒಪ್ಪಿಸಿದಾಗ ಉಳಿದದ್ದು. ನಡುವೆ ಅವರು ಕೆಲಸ ನಿಲ್ಲಿಸಿದರೆ ಅಲ್ಲಿಯವರೆಗಿನದು ನಿಮ್ಮದೇ. ಕಂಪನಿ ಬಯಸಿದಾಗ ಮುಖಬೆಲೆಗೆ ಷೇರನ್ನು ಹಿಂದಕ್ಕೆ ಕೊಳ್ಳಬಹುದು ಎಂಬ ಸಾಲು ಕಂಡರೆ ತೆಗೆಸಿ. ಆ ಒಂದು ಸಾಲು ಮೇಲಿನ ಎಲ್ಲ ಲೆಕ್ಕವನ್ನೂ ಅಳಿಸಬಲ್ಲದು.

ತೆರಿಗೆಯ ಬಗ್ಗೆ ಒಂದು ಮಾತು. ಅನೇಕ ದೇಶಗಳಲ್ಲಿ ಕೆಲಸಕ್ಕೆ ಪ್ರತಿಯಾಗಿ ಬಂದ ಷೇರೂ ಆದಾಯವೇ, ಕೈಗೆ ಕಾಸು ಬಾರದಿದ್ದರೂ ಆ ವರ್ಷವೇ ತೆರಿಗೆ ಕಟ್ಟಬೇಕಾಗಬಹುದು. ಸಹಿ ಮಾಡುವ ಮುನ್ನ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ, ಆ ತೆರಿಗೆಯಷ್ಟಾದರೂ ನಗದು ಭಾಗದಲ್ಲಿ ಇರುವಂತೆ ನೋಡಿಕೊಳ್ಳಿ.

ದಾಸ್ತಾನು ಆ್ಯಪ್‌ನವರಿಗೆ ನಾನು ಈ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. 'ನಿಮ್ಮ 10,000 ಷೇರು ನನ್ನ ಪ್ರಕಾರ 3.2 ಲಕ್ಷ. ಇನ್ನು 3 ಲಕ್ಷ ನಗದು ಕೊಟ್ಟರೆ ಆಯಿತು, ಇಲ್ಲವಾದರೆ ಷೇರು 20,000 ಆಗಲಿ' ಎಂದೆ. ಷೇರು ಎರಡು ಪಟ್ಟು ಮಾಡಲು ಅವರಿಗೆ ಮನಸ್ಸಿರಲಿಲ್ಲ. ತಮ್ಮ ಷೇರಿನ ಮೇಲೆ ಅವರಿಗೆ ನಿಜವಾದ ಭರವಸೆ ಇದೆ ಎಂಬುದು ನನಗೆ ಅದರಿಂದಲೇ ಗೊತ್ತಾಯಿತು. ಒಂದು ವಾರದ ನಂತರ 3 ಲಕ್ಷಕ್ಕೆ ಒಪ್ಪಿದರು, ಅರ್ಧ ಮುಂಗಡ, ಅರ್ಧ ಸ್ಕ್ರೀನ್ ಒಪ್ಪಿಸುವಾಗ. ಕೆಲಸ ಹನ್ನೊಂದನೆಯ ವಾರ ಮುಗಿಯಿತು. ಷೇರು ರಿಜಿಸ್ಟರಿನ ಪ್ರತಿ ಬರಲು ಮತ್ತೆ ಹದಿನೆಂಟು ದಿನ ಹಿಡಿಯಿತು, ಅಷ್ಟೂ ದಿನ ಮೂಲ ಫೈಲುಗಳು ನನ್ನ ಬಳಿಯೇ ಇದ್ದವು. ಪ್ರತಿ ಬಂದ ಸಂಜೆ ಹೆಸರು, ಸಂಖ್ಯೆ, ದಿನಾಂಕ ಮೂರನ್ನೂ ಒಪ್ಪಂದದ ಜೊತೆ ಹೋಲಿಸಿ ನೋಡಿ ಫೋಲ್ಡರಿನ ಲಿಂಕ್ ಕಳಿಸಿದೆ.